ಹದಿನೇಳನೇ ಸ್ಲೈಡಿನ ಚಿತ್ರ

ಆ ಆಸ್ಪತ್ರೆಯಲ್ಲಿ ಟೈಪಕ್ಕ ಅಂದರೆ ಯಾರು ಎಂದು ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಗೊತ್ತು. ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ ಇಪ್ಪತ್ತು ವರ್ಷವಾಯಿತು, ಈ ಹೆಸರನ್ನು ಮಾತ್ರ ಯಾರೂ ಗುಜರಿಗೆ ಹಾಕಲಿಲ್ಲ. ದಾಖಲೆ ವಿಭಾಗದ ಮೂಲೆಯ ಮೇಜು, ಕುಂಟುವ ಕುರ್ಚಿ, ಎಡಗಡೆ ಫೈಲಿನ ಗುಡ್ಡೆ, ಇಷ್ಟೇ ಅವಳ ಸಾಮ್ರಾಜ್ಯ. ಡಿಸ್ಚಾರ್ಜ್ ಪತ್ರ, ಡ್ಯೂಟಿ ಪಟ್ಟಿ, ಗೋಡೆಗೆ ಅಂಟಿಸುವ ಸೂಚನೆ, ಡಾಕ್ಟರುಗಳ ಸ್ಲೈಡು, ಯಾರಿಗೂ ಬೇಡವಾದ ಕೆಲಸವೆಲ್ಲ ಕೊನೆಗೆ ಬಂದು ಬೀಳುವುದು ಅವಳ ತಲೆಯ ಮೇಲೆ. ಗೊಣಗುತ್ತಾಳೆ, ಮಾಡುತ್ತಾಳೆ. ಗೊಣಗದೆ ಮಾಡಿದ ದಿನ ಅವಳಿಗೆ ಮೈ ಹುಷಾರಿಲ್ಲ ಎಂದೇ ಅರ್ಥ.

ಹದಿನೆಂಟನೇ ವಯಸ್ಸಿನಲ್ಲಿ ಅವಳು ಟೈಪಿಂಗ್ ಕಲಿತದ್ದು ಕೈಗಳ ಮೇಲೆ ಬಟ್ಟೆ ಮುಚ್ಚಿಕೊಂಡು. ಕೀಲಿ ನೋಡಿ ಹೊಡೆಯುವವರಿಗೆ ಕಲಿಸುವ ಮೇಡಂ ಅಡಿಪಟ್ಟಿಯಿಂದ ಮಣಿಕಟ್ಟಿಗೆ ಒಂದು ಕೊಡುತ್ತಿದ್ದರು. ಆರು ತಿಂಗಳಲ್ಲಿ ಅವಳ ಬೆರಳುಗಳಿಗೆ ದಾರಿ ಗೊತ್ತಾಯಿತು. ಈಗ ಐವತ್ತನಾಲ್ಕು ವಯಸ್ಸು. ಈಗಲೂ ಕಿಟಕಿಯಾಚೆ ನೋಡುತ್ತ, ಪಕ್ಕದವರ ಜೊತೆ ಮಾತಾಡುತ್ತ ಒಂದು ಪುಟ ತಪ್ಪಿಲ್ಲದೆ ಹೊಡೆದು ಮುಗಿಸುತ್ತಾಳೆ. ಇತ್ತೀಚೆಗೆ ಮಾತ್ರ ಪರದೆಯ ಮೇಲಿನ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿದ್ದಳು. ಮೊದಲು ಒಂದು ಸಲ, ಆಮೇಲೆ ಇನ್ನೊಂದು ಸಲ. ಯಾರಾದರೂ ಕೇಳಿದರೆ ಕಂಪ್ಯೂಟರ್ ಹಳೆಯದಾಗಿದೆ ಎಂದು ದೂರುತ್ತಿದ್ದಳು. ಪಾಪ, ಕಂಪ್ಯೂಟರಿಗೆ ತಿರುಗಿ ಮಾತಾಡಲು ಬರುವುದಿಲ್ಲವಲ್ಲ.

ಐದು ವರ್ಷದಿಂದ ಅವಳಿಗೆ ಸಕ್ಕರೆ ಕಾಯಿಲೆ. "ಸ್ವಲ್ಪ ಇದೆ" ಅನ್ನುತ್ತಾಳೆ, ಮನೆಗೆ ಬಂದ ನೆಂಟರ ಬಗ್ಗೆ ಹೇಳುವ ಹಾಗೆ. ಮಾತ್ರೆ ತಪ್ಪಿಸುವುದಿಲ್ಲ. ಆದರೆ ಕಣ್ಣಿನ ವಿಭಾಗದವರು ಪರೀಕ್ಷೆಗೆ ಬನ್ನಿ ಎಂದು ಕೊಟ್ಟ ಚೀಟಿ ಮೇಜಿನ ಡ್ರಾಯರಿನಲ್ಲಿ, ಸ್ಟೇಪ್ಲರ್ ಕೆಳಗೆ ಬಿದ್ದಿತ್ತು. ಮೂರು ತಾರೀಖು ದಾಟಿ ಹೋಗಿದ್ದವು.

ಅದಕ್ಕೆ ಕಾರಣ ಮನೆಯಲ್ಲೇ ಇತ್ತು. ಅವಳ ಗಂಡನ ತಂಗಿ ಅದೇ ಆಸ್ಪತ್ರೆಯಲ್ಲಿ ನರ್ಸು. ಮನೆಯಲ್ಲಿ ನಾದಿನಿ, ಆಸ್ಪತ್ರೆಯಲ್ಲಿ ಎಲ್ಲರಿಗೂ ಸಿಸ್ಟರ್. ಹದಿನಾರನೇ ವಯಸ್ಸಿನಿಂದ ಇನ್ಸುಲಿನ್ ಸೂಜಿ ಚುಚ್ಚಿಕೊಂಡೇ ಬೆಳೆದವಳು. ಹದಿನೈದು ವರ್ಷ ಪ್ರತಿ ಬುಧವಾರ ಸಕ್ಕರೆ ಕಾಯಿಲೆಯವರಿಗೆ ಪಾಠ ಮಾಡಿದಳು: ಏನು ತಿನ್ನಬೇಕು, ಪಾದ ಹೇಗೆ ನೋಡಿಕೊಳ್ಳಬೇಕು, ಕೈ ನಡುಗಿದರೆ ಏನು ಮಾಡಬೇಕು. ಅವಳ ಬಾಯಿ ಜೋರು. ಬೈದರೆ ರೋಗಿಗಳು ನಗುತ್ತಿದ್ದರು, ನಗುತ್ತಲೇ ಅವಳು ಹೇಳಿದ್ದನ್ನು ಮಾಡುತ್ತಿದ್ದರು. ಕಣ್ಣಿನೊಳಗೆ ರಕ್ತ ಸೋರಿ, ಎರಡು ಆಪರೇಷನ್ ಆಗಿ, ಏನೂ ಕೈಗೂಡದೆ ಎರಡು ವರ್ಷದ ಹಿಂದೆ ಅವಳ ದೃಷ್ಟಿ ಪೂರ್ತಿ ಹೋಯಿತು. ಆಗ ಟೈಪಕ್ಕ ರಾತ್ರಿ ಹಗಲು ಅವಳ ಪಕ್ಕದಲ್ಲಿದ್ದಳು. ಕಣ್ಣಿನ ವಿಭಾಗದ ಆ ಬೆಂಚು, ಆ ಔಷಧಿಯ ವಾಸನೆ ಅವಳಿಗೆ ಸಾಕಾಗಿ ಹೋಗಿತ್ತು.

ನಾದಿನಿ ಮೂಲೆ ಹಿಡಿದು ಕೂರುವವಳಲ್ಲ. ಆರು ತಿಂಗಳು ತರಬೇತಿ ಕೇಂದ್ರಕ್ಕೆ ಹೋಗಿ ಬಿಳಿಕೋಲು ಹಿಡಿದು ನಡೆಯುವುದನ್ನೂ ಸ್ಕ್ರೀನ್ ರೀಡರ್ ಬಳಸುವುದನ್ನೂ ಕಲಿತು ಬಂದಳು. ಪರದೆಯ ಮೇಲೆ ಇರುವುದನ್ನೆಲ್ಲ ಅದು ಕಿವಿಯಲ್ಲಿ ಓದಿ ಹೇಳುತ್ತದೆ. ದೊಡ್ಡ ಡಾಕ್ಟರು ಅವಳನ್ನು ಫೋನ್ ಮೇಜಿನಲ್ಲಿ ಕೂರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕೂರಿಸಿದರು, ಅದೇ ಅವಳಿಗೆ ಉರಿ. ನನ್ನ ಬುಧವಾರ ನನಗೆ ವಾಪಸ್ ಕೊಡಿ ಎಂದು ಮೂರು ಸಲ ಅರ್ಜಿ ಹಾಕಿದಳು. ಸ್ಲೈಡು ತೋರಿಸಿ ಮಾಡುವ ಪಾಠ, ಕಾಣದೆ ಹೇಗೆ ಎಂದು ಡಾಕ್ಟರಿಗೆ ಅಳುಕು. ಕೊನೆಗೆ ಒಪ್ಪಿದರು: ಒಂದು ಬುಧವಾರ ಮಾಡಿ ತೋರಿಸಲಿ, ನಾನು ಹಿಂದೆ ಕೂತು ನೋಡುತ್ತೇನೆ. ಸರಿಹೋದರೆ ಪಾಠ ಅವಳದು. ಇಲ್ಲದಿದ್ದರೆ ಫೋನ್ ಮೇಜು, ನಿವೃತ್ತಿಯವರೆಗೆ.

ಸ್ಲೈಡುಗಳು ಮೊದಲಿನಿಂದ ಇದ್ದವೇ, ಇಪ್ಪತ್ತಾರು. ಯಾವ ಕಾಲದಲ್ಲೋ ಆಹಾರ ತಜ್ಞೆ ಮಾಡಿದ್ದು, ಆಮೇಲೆ ಬಂದವರೆಲ್ಲ ತಮಗೆ ತೋಚಿದ ಚಿತ್ರ, ಪಟ್ಟಿ, ಬಾಣದ ಗುರುತು ತುರುಕಿದ್ದು. ನಾದಿನಿಗೆ ಕಣ್ಣು ಹೋದ ಮೇಲೂ ನಾಲ್ಕೈದು ಸ್ಲೈಡು ಸೇರಿದ್ದವು. ಸ್ಕ್ರೀನ್ ರೀಡರ್ ಅಕ್ಷರ ಓದುತ್ತದೆ, ಚಿತ್ರವನ್ನು ತಾನಾಗಿ ಓದಲಾರದು. ಪ್ರತಿ ಚಿತ್ರಕ್ಕೂ ಅದರಲ್ಲಿ ಏನಿದೆ ಎಂದು ಯಾರಾದರೂ ಬರೆದಿಡಬೇಕು. ಅದಕ್ಕೆ ಆಲ್ಟ್ ಟೆಕ್ಸ್ಟ್ ಅನ್ನುತ್ತಾರೆ. ನೋಡುವವರಿಗೆ ಅದು ಕಾಣುವುದಿಲ್ಲ, ಕೇಳುವವರಿಗೆ ಮಾತ್ರ ಕೇಳುತ್ತದೆ. ಯಾರು ಬರೆಯಬೇಕು? ಇನ್ಯಾರು. ಫೈಲು ಟೈಪಕ್ಕನ ತಲೆಯ ಮೇಲೆ ಬಂತು.

ಅವಳು ಗೊಣಗಲಿಲ್ಲ. ಇದು ಮನೆಯ ವಿಷಯ.

ಮೊದಲ ದಿನ ಇಬ್ಬರೂ ದಾಖಲೆ ವಿಭಾಗದಲ್ಲಿ ಪಕ್ಕಪಕ್ಕ ಕೂತು, ಫೈಲು ಇದ್ದ ಹಾಗೆಯೇ ಕೇಳಿಸಿಕೊಂಡರು. ಆರನೇ ಸ್ಲೈಡಿನಲ್ಲಿ ಗ್ರಾಫ್ ಇತ್ತು, ರೀಡರ್ "ಚಾರ್ಟ್" ಎಂದಷ್ಟೇ ಹೇಳಿ ಕೈತೊಳೆದುಕೊಂಡಿತು. ಇನ್ನೊಂದೆಡೆ ಚಿತ್ರದ ಬದಲು ಕ್ಯಾಮೆರಾ ಕೊಟ್ಟ ಫೈಲಿನ ಹೆಸರು, ಅಂಕಿಗಳ ಸಾಲು. ಹನ್ನೆರಡನೇ ಸ್ಲೈಡಿನಲ್ಲಿ ಪಾದದ ಹುಣ್ಣಿನ ಚಿತ್ರ. ಅದಕ್ಕೆ ಯಂತ್ರವೇ ಯಾವತ್ತೋ ಊಹಿಸಿ "ತಟ್ಟೆಯಲ್ಲಿರುವ ಆಹಾರ" ಎಂದು ಬರೆದುಕೊಂಡಿತ್ತು. ನಾದಿನಿ ನಕ್ಕು ನಕ್ಕು ಸುಸ್ತಾದಳು. ಇದನ್ನು ನಂಬಿ ಪಾಠ ಮಾಡಿದ್ದರೆ ಪಾದಕ್ಕೆ ಉಪ್ಪು ಹಾಕಿಕೊಳ್ಳಿ ಅಂತ ಹೇಳುತ್ತಿದ್ದೆನೋ ಏನೋ ಎಂದಳು. ಕೇಳುವುದನ್ನು ಅವತ್ತು ಅಲ್ಲಿಗೇ ನಿಲ್ಲಿಸಿದರು.

ಟೈಪಕ್ಕ ಬರೆಯಲು ಶುರು ಮಾಡಿದಳು. ಆರನೇ ಸ್ಲೈಡಿಗೆ ಮೊದಲು ಬರೆದದ್ದು: "ಇದು ಒಂದು ಗ್ರಾಫಿನ ಚಿತ್ರ. ಒಂದು ಕೆಂಪು ಗೆರೆ, ಒಂದು ನೀಲಿ ಗೆರೆ. ಎರಡೂ ಮೇಲೆ ಹೋಗಿ ಕೆಳಗೆ ಬರುತ್ತವೆ." ನಾದಿನಿ ಕೇಳಿ ತಲೆ ಚಚ್ಚಿಕೊಂಡಳು.

"ಅತ್ತಿಗೆ, ಲಿಫ್ಟೂ ಮೇಲೆ ಹೋಗಿ ಕೆಳಗೆ ಬರುತ್ತೆ. ಎಷ್ಟಕ್ಕೆ ಏರಿತು, ಎಷ್ಟಕ್ಕೆ ಇಳೀತು, ಅದು ಬೇಕು ನಂಗೆ. ಕೆಂಪು ನೀಲಿ ಕಟ್ಕೊಂಡು ಏನ್ಮಾಡ್ಲಿ, ಕೆಂಪು ಅಂದ್ರೆ ಯಾವುದು ಹೇಳಿ."

ಟೈಪಕ್ಕನಿಗೆ ಮೂಗಿನ ತುದಿಗೆ ಕೋಪ ಬಂತು, ಆದರೆ ಮಾತು ಸರಿಯಾಗಿತ್ತು. ಆ ಗ್ರಾಫನ್ನು ಅವಳು ಏಳೆಂಟು ವರ್ಷದಿಂದ ನೋಡಿದ್ದಳು, ಒಂದು ದಿನವೂ ಓದಿರಲಿಲ್ಲ. ಈಗ ಕುರ್ಚಿ ಎಳೆದುಕೊಂಡು ಓದಿದಳು. ತಿದ್ದಿದ ಮೇಲೆ ಅದು ಹೀಗಾಯಿತು: "ಊಟದ ನಂತರ ಮೂರು ಗಂಟೆಯ ರಕ್ತದ ಸಕ್ಕರೆ, ಒಬ್ಬರದೇ ಎರಡು ದಿನದ ಹೋಲಿಕೆ. ಊಟಕ್ಕೆ ಮುಂಚೆ ಎರಡೂ ದಿನ ನೂರ ಮೂವತ್ತು. ಉಂಡು ಕೂತೇ ಇದ್ದ ದಿನ ಒಂದು ಗಂಟೆಗೆ ಇನ್ನೂರ ನಲವತ್ತಕ್ಕೆ ಏರಿ, ಮೂರನೇ ಗಂಟೆಗೆ ನೂರ ಎಂಬತ್ತು. ಉಂಡು ಅರ್ಧ ಗಂಟೆ ನಡೆದ ದಿನ ನೂರ ತೊಂಬತ್ತಕ್ಕೆ ಏರಿ, ಮೂರನೇ ಗಂಟೆಗೆ ನೂರ ನಲವತ್ತು." ಅವತ್ತು ಮಧ್ಯಾಹ್ನ ಊಟವಾದ ಮೇಲೆ ಯಾರಿಗೂ ಹೇಳದೆ ಆಸ್ಪತ್ರೆಯ ಸುತ್ತ ಎರಡು ಸುತ್ತು ಹಾಕಿ ಬಂದಳು.

ಮೊದಲ ತಪ್ಪು ನಾಲ್ಕನೇ ದಿನ ಆಯಿತು. ಒಂದು ಸ್ಲೈಡಿನಲ್ಲಿ ತಲೆಬರಹ, ಪೆಟ್ಟಿಗೆ, ಚಿತ್ರ ಬೇರೆಬೇರೆ ಇದ್ದರೆ ರೀಡರ್ ಅವನ್ನು ಯಾವ ಕ್ರಮದಲ್ಲಿ ಓದಬೇಕು ಎಂಬುದನ್ನೂ ಜೋಡಿಸಬೇಕು. ಅವಳು ಬಳಸಿದ ಪಟ್ಟಿಯಲ್ಲಿ ಸ್ಲೈಡಿನ ವಸ್ತುಗಳೆಲ್ಲ ಒಂದರ ಕೆಳಗೊಂದು ಇರುತ್ತವೆ. ಟೈಪಕ್ಕ ಜೀವನವಿಡೀ ಮೇಲಿಂದ ಕೆಳಗೆ ಬರೆದವಳು. ತಲೆಬರಹ ಎಲ್ಲಕ್ಕಿಂತ ಮೇಲೆ, ಆಮೇಲೆ ಒಂದು, ಎರಡು, ಮೂರು ಎಂದು ಇಪ್ಪತ್ತಾರನ್ನೂ ಒಪ್ಪವಾಗಿ ಜೋಡಿಸಿದಳು. ಎರಡು ದಿನದ ಕೆಲಸ. ಆದರೆ ಆ ಪಟ್ಟಿಯನ್ನು ರೀಡರ್ ಓದುವುದು ಕೆಳಗಿನಿಂದ ಮೇಲಕ್ಕೆ. ಹಿಂದೆ ಇಟ್ಟದ್ದು ಮೊದಲು, ಮುಂದೆ ಇಟ್ಟದ್ದು ಕೊನೆಗೆ. ಇದನ್ನು ಅವಳಿಗೆ ಯಾರು ಹೇಳಬೇಕಿತ್ತು?

ನಾದಿನಿ ಒಂಬತ್ತನೇ ಸ್ಲೈಡು ಕೇಳಿದಳು. ರೀಡರ್ ಹೇಳಿತು: ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ. ಸಕ್ಕರೆ ಎಷ್ಟಿದೆ ಎಂದು ಪರೀಕ್ಷೆ ಮಾಡಿ. ಎಲ್ಲ ಮುಗಿದ ಮೇಲೆ ನಿಧಾನವಾಗಿ: ಕೈ ನಡುಗಿ ಬೆವರು ಬಂದರೆ ಏನು ಮಾಡಬೇಕು?

ಈ ಪ್ರಕಾರ ಹೋದರೆ ರೋಗಿ ಮೊದಲು ಹದಿನೈದು ನಿಮಿಷ ಕಾದು, ಬಿದ್ದು, ಆಮೇಲೆ ಎದ್ದು ಪ್ರಶ್ನೆ ಕೇಳಬೇಕು ಎಂದು ನಾದಿನಿ ರೇಗಿಸಿದಳು. ಕಂಪ್ಯೂಟರ್ ವಿಭಾಗದವನು ಬಂದು ನೋಡಿ ವಿಷಯ ಬಿಡಿಸಿ ಹೇಳಿದ. ಜೊತೆಗೆ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟ: ಈ ಪಟ್ಟಿಯಲ್ಲಿ ವಸ್ತುವನ್ನು ಮೇಲೆ ಕೆಳಗೆ ಮಾಡಿದರೆ ಪರದೆಯ ಮೇಲೂ ಅದು ಹಿಂದೆ ಮುಂದೆ ಆಗುತ್ತದೆ, ಬಣ್ಣದ ದೊಡ್ಡ ಚೌಕವೊಂದು ಮುಂದೆ ಬಂದು ಬರಹವನ್ನೇ ಮುಚ್ಚಬಹುದು. ಹಾಗೆ ಎರಡು ಕಡೆ ಮುಚ್ಚಿಯೂ ಇತ್ತು. ಟೈಪಕ್ಕ ಮತ್ತೆ ಒಂದನೇ ಸ್ಲೈಡಿನಿಂದ ಶುರು ಮಾಡಿದಳು.

ಹೋಗುವ ಮುಂಚೆ ಅವನೇ ಇನ್ನೊಂದು ಉಪಾಯ ಹೇಳಿಕೊಟ್ಟ. ಆಸ್ಪತ್ರೆಯ ಲಾಂಛನ ಪ್ರತಿ ಸ್ಲೈಡಿನ ಮೂಲೆಯಲ್ಲಿತ್ತು. ರೀಡರ್ ಪ್ರತಿ ಸಲವೂ "ಆಸ್ಪತ್ರೆಯ ಲಾಂಛನ" ಎಂದು ಕೂಗಿ ನಾದಿನಿಯ ತಲೆ ಚಿಟ್ಟು ಹಿಡಿಸಿತ್ತು. ಇಂಥವಕ್ಕೆ ಪಕ್ಕದ ಚೌಕದಲ್ಲಿ ಬರೀ ಅಲಂಕಾರ ಎಂದು ಗುರುತು ಹಾಕಿದರೆ ಸಾಕು, ರೀಡರ್ ಅದನ್ನು ದಾಟಿ ಹೋಗುತ್ತದೆ, ಅಲ್ಲಿ ಚಿತ್ರ ಇದೆ ಎಂದು ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ಟೈಪಕ್ಕನಿಗೆ ಇದು ಬಹಳ ಹಿಡಿಸಿತು. ಲಾಂಛನ, ಅಂಚಿನ ಬಳ್ಳಿ, ಮೂಲೆಯ ಹೂವು, ಎಲ್ಲಕ್ಕೂ ಗುರುತು ಹಾಕುತ್ತ ಹೋದಳು.

ಹಾಗೆ ಹೋಗಿ ಹದಿನೇಳನೆಯದಕ್ಕೆ ಬಂದಳು. ಕಣ್ಣಿನ ವಿಭಾಗದವರು ಕಳೆದ ವರ್ಷ ಸೇರಿಸಿದ ಸ್ಲೈಡು. ತಲೆಬರಹ "ಸಕ್ಕರೆ ಮತ್ತು ಕಣ್ಣು". ಕೆಳಗೆ ಪರದೆ ತುಂಬ ಒಂದೇ ಚಿತ್ರ. ಮನೆಯ ಬಾಗಿಲಲ್ಲಿ ಒಂದು ಹುಡುಗಿ ನಿಂತಿದ್ದಾಳೆ, ಆದರೆ ಚಿತ್ರದ ಮೇಲೆಲ್ಲ ಕಪ್ಪು ಕಲೆಗಳು. ಒಂದು ಕಲೆ ಹುಡುಗಿಯ ಅರ್ಧ ಮುಖವನ್ನು ನುಂಗಿದೆ. ಕಣ್ಣಿನ ಪರದೆ ಕೆಟ್ಟವರಿಗೆ ಜಗತ್ತು ಹೇಗೆ ಕಾಣುತ್ತದೆ ಎಂದು ತೋರಿಸುವ ಚಿತ್ರ.

ಟೈಪಕ್ಕನ ಬೆರಳು ಮೂವತ್ತಾರು ವರ್ಷದಲ್ಲಿ ಮೊದಲ ಸಲ ದಾರಿ ತಪ್ಪಿತು. ಇದನ್ನು ಹೇಗೆ ಬರೆಯುವುದು? ಯಾರ ಕಿವಿಗೆ ಬರೆಯುವುದು? ಕಣ್ಣು ಪೂರ್ತಿ ಹೋಗುವ ಮುಂಚೆ ಒಂದು ಬೆಳಿಗ್ಗೆ ಎದ್ದು "ಅತ್ತಿಗೆ, ಗೋಡೆ ಮೇಲೆ ಮಸಿ ಯಾರು ಚೆಲ್ಲಿದ್ದು" ಎಂದು ಕೇಳಿದವಳಿಗೆ, ನೋಡು ಇದೇ ಆ ಮಸಿ ಎಂದು ಬರೆದುಕೊಡುವುದೆ? ಅಲಂಕಾರದ ಚೌಕ ಅಲ್ಲೇ, ಬೆರಳಿನ ಕೆಳಗೆ ಇತ್ತು. ಒತ್ತಿದಳು, ಮುಂದಿನ ಸ್ಲೈಡಿಗೆ ಹೋದಳು.

ಕೆಲಸ ಮುಗಿದಾಗ ಅವಳಿಗೆ ತನ್ನ ಟೈಪಿಂಗ್ ಮೇಡಂ ನೆನಪಾದರು. ಪರದೆಗೆ ಒಂದು ಟವಲ್ ಹೊದಿಸಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿದಳು. ಕೇಳಿದರಷ್ಟೇ ತಪ್ಪು ಸಿಗುತ್ತದೆ, ನೋಡಿದರೆ ಸಿಗುವುದಿಲ್ಲ. ಹನ್ನೊಂದು ಕಡೆ ತಿದ್ದಿದಳು. ಹದಿನೇಳನೆಯದರಲ್ಲಿ ರೀಡರ್ "ಸಕ್ಕರೆ ಮತ್ತು ಕಣ್ಣು" ಎಂದು ಹೇಳಿ ಸುಮ್ಮನಾಯಿತು. ಟವಲ್ಲಿನ ಕೆಳಗೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಬೇಗ ಮುಂದಿನ ಕೀಲಿ ಒತ್ತಿದಳು.

ಅಭ್ಯಾಸಕ್ಕೆ ಕೂತಾಗ ನಾದಿನಿಯೂ ಆ ಸ್ಲೈಡಿಗೆ ಬಂದು ತಡೆದಳು. ಇದರಲ್ಲಿ ಇನ್ನೇನೂ ಇಲ್ಲವೇ ಎಂದು ಕೇಳಿದಳು. ಬರೀ ತಲೆಬರಹ, ಮುಂದಿನದಕ್ಕೆ ಬಾಗಿಲಿದ್ದ ಹಾಗೆ, ವಿವರವೆಲ್ಲ ಹದಿನೆಂಟರಲ್ಲಿದೆ ಎಂದು ಟೈಪಕ್ಕ ಹೇಳಿದಳು. ನಾದಿನಿ ತಲೆಯಾಡಿಸಿದಳು. ಅವಳು ನಂಬಿದ ರೀತಿಗೆ ಟೈಪಕ್ಕನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಬಾಯಿ ಬಿಡಲಿಲ್ಲ.

ಬುಧವಾರ ಬಂತು. ಪಾಠದ ಕೋಣೆಯಲ್ಲಿ ಮೂವತ್ತು ಕುರ್ಚಿ, ಮೂವತ್ತೂ ಭರ್ತಿ. ಹಿಂದಿನ ಸಾಲಿನಲ್ಲಿ ದೊಡ್ಡ ಡಾಕ್ಟರು ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತರು, ಅವರಿಂದ ಎರಡು ಕುರ್ಚಿ ಆಚೆ ಟೈಪಕ್ಕ. ನಾದಿನಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು, ಇನ್ನೊಂದು ಕಿವಿ ರೋಗಿಗಳಿಗೆ. ಶುರುವಾಯಿತು ನೋಡಿ. ಎರಡು ವರ್ಷ ಬಾಯಿ ಕಟ್ಟಿಕೊಂಡಿದ್ದವಳು ಆವತ್ತು ಅಣೆಕಟ್ಟು ಒಡೆದ ಹಾಗೆ ಮಾತಾಡಿದಳು. ಇನ್ನೂರ ನಲವತ್ತು, ನೂರ ತೊಂಬತ್ತು, ಗ್ರಾಫಿನ ಅಂಕಿಗಳು ನೀರು ಕುಡಿದಷ್ಟು ಸಲೀಸಾಗಿ ಬಂದವು. ಮುಂದಿನ ಸಾಲಿನ ಒಬ್ಬ ಬಸ್ ಡ್ರೈವರ್‌ಗೆ ಊಟವಾದ ಮೇಲೆ ಕೂತೇ ಇರುತ್ತೀರಲ್ಲ ಎಂದು ಬೈದಳು, ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. ಟೈಪಕ್ಕನ ಎದೆ ಉಬ್ಬಿತು.

ಹದಿನೇಳು ಬಂತು. "ಸಕ್ಕರೆ ಮತ್ತು ಕಣ್ಣು," ನಾದಿನಿ ಹೇಳಿದಳು. "ಇಲ್ಲಿ ಬರೀ ತಲೆಬರಹ ಇದೆ, ನೋಡೋದೇನಿಲ್ಲ. ಮುಂದೆ ಹೋಗೋಣ."

ಮೂವತ್ತು ಜನರ ಮುಂದೆ ಗೋಡೆಯಷ್ಟು ದೊಡ್ಡ ಚಿತ್ರ ಇತ್ತು. ಕೊನೆಗೆ ಆ ಡ್ರೈವರೇ, ಪಾಪ, ಮೆಲ್ಲಗೆ ಹೇಳಿದ: "ಸಿಸ್ಟರ್, ಚಿತ್ರ ಇದೆ. ದೊಡ್ಡದಾಗೇ ಇದೆ."

ನಾದಿನಿಯ ಕೈ ಕೀಲಿಯ ಮೇಲೆ ನಿಂತಿತು. ಮತ್ತೆ ಹಿಂದಿನ ಕೀಲಿ ಒತ್ತಿದಳು, ಮುಂದಿನದು ಒತ್ತಿದಳು. ರೀಡರ್ ಅದೇ ಮೂರು ಪದ ಹೇಳಿತು. ಏನು ಚಿತ್ರ ಎಂದು ಕೇಳಬಹುದಿತ್ತು, ಕೇಳಲು ಅವಳ ನಾಲಿಗೆ ಏಳಲಿಲ್ಲ. ಹಿಂದಿನಿಂದ ಯಾರೋ ಪಿಸುಗುಟ್ಟಿದರು, ಯಾರೋ ಅಯ್ಯೋ ಅಂದರು. ಆ ಅಯ್ಯೋ ಅವಳಿಗೆ ಕೇಳಿಸಿತು. ಉಳಿದ ಒಂಬತ್ತು ಸ್ಲೈಡನ್ನು ಅವಳು ಪಾಠ ಮಾಡಲಿಲ್ಲ, ಓದಿ ಒಪ್ಪಿಸಿದಳು. ದೊಡ್ಡ ಡಾಕ್ಟರು ಫೈಲು ಮುಚ್ಚಿ ಎದ್ದರು. ಚೆನ್ನಾಗಿ ಮಾಡಿದಿರಿ ಸಿಸ್ಟರ್, ಆದರೆ ರೋಗಿಗಳು ನೋಡುತ್ತಿರುವುದೇ ನಿಮಗೆ ಗೊತ್ತಿಲ್ಲ ಅಂದರೆ ಕಷ್ಟವಲ್ಲವೇ ಎಂದರು. ಮುಂದಿನ ಬುಧವಾರ ಇನ್ನೊಂದು ಸಲ ನೋಡೋಣ, ಅದೇ ಕೊನೆ. ದನಿಯಲ್ಲಿ ಕರುಣೆ ಇತ್ತು. ಬೈದಿದ್ದರೇ ಚೆನ್ನಾಗಿತ್ತು.

ಕೋಣೆ ಖಾಲಿಯಾಯಿತು. ಟೈಪಕ್ಕ ಪ್ರೊಜೆಕ್ಟರಿನ ವಯರು ಸುತ್ತುವ ನೆಪದಲ್ಲಿ ನಿಂತಿದ್ದಳು. ಕೊನೆಯವರು ಹೋಗಿ ಬಾಗಿಲು ಹಾಕಿದ ಸದ್ದು ಕೇಳುವವರೆಗೆ ನಾದಿನಿ ಕಾದಳು.

"ಏನು ಚಿತ್ರ ಅದು?"

ಟೈಪಕ್ಕ ಹೇಳಿದಳು. ಬಾಗಿಲು, ಹುಡುಗಿ, ಕಲೆಗಳು. ನಿನಗೆ ನೋವಾಗಬಾರದು ಅಂತ ಬಿಟ್ಟೆ ಕಣೇ, ಬೇರೆ ಏನೂ ಇಲ್ಲ ಎಂದಳು.

"ಅದನ್ನ ಅಲಂಕಾರ ಅಂತ ಹಾಕಿದ್ರಾ." ನಾದಿನಿ ಕೂಗಲಿಲ್ಲ. "ಕಣ್ಣು ಹೋಯ್ತು, ಹೋಗ್ಲಿ, ಅದು ಕಾಯಿಲೆ ಮಾಡಿದ್ದು. ಇವತ್ತು ಮೂವತ್ತು ಜನರ ಮುಂದೆ ನನ್ನ ಕುರುಡಿ ಮಾಡಿದ್ದು ಯಾರು, ಅತ್ತಿಗೆ?"

ಟೈಪಕ್ಕ ಕೈಯಲ್ಲಿದ್ದ ವಯರನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

ನಾದಿನಿ ಕುರ್ಚಿ ತಡವಿ ಕೂತಳು. ದನಿ ಸ್ವಲ್ಪ ಇಳಿಯಿತು. "ಒಂದು ಕೇಳ್ತೀನಿ, ನಿಜ ಹೇಳಿ. ನಾನು ಕೂತಿರೋದು ಫೋನ್ ಮೇಜಲ್ಲಿ. ಕಣ್ಣಿನ ವಿಭಾಗದವರು ಮೂರು ಸಲ ಫೋನ್ ಮಾಡಿದ್ರು, ನಿಮ್ಮ ಅತ್ತಿಗೆ ಪರೀಕ್ಷೆಗೆ ಬರ್ಲೇ ಇಲ್ಲ ಅಂತ. ನೀವಾಗಿ ಹೇಳ್ತೀರಿ ಅಂತ ಸುಮ್ನಿದ್ದೆ. ಆ ಚಿತ್ರ ಯಾರ ಕಣ್ಣಿಗೆ ಬೀಳಬಾರದು ಅಂತ ಮುಚ್ಚಿದ್ರಿ? ನನಗಾ, ನಿಮಗಾ?"

ಟೈಪಕ್ಕ ಅಲ್ಲೇ ಮೊದಲ ಸಾಲಿನ ಕುರ್ಚಿಯಲ್ಲಿ ಕುಸಿದು ಕೂತು ಅತ್ತಳು. ಮೂವತ್ತು ವರ್ಷದಲ್ಲಿ ಈ ನಾದಿನಿಯ ಮುಂದೆ ಅವಳು ಅತ್ತದ್ದಿಲ್ಲ. ಜಗಳವಾಡಿದ್ದಾಳೆ, ಮುಖ ತಿರುಗಿಸಿದ್ದಾಳೆ, ಆಪರೇಷನ್ ಕೋಣೆಯ ಹೊರಗೆ ಧೈರ್ಯ ಹೇಳಿದ್ದಾಳೆ. ಅತ್ತದ್ದು ಇದೇ ಮೊದಲು. ಮೂರು ತಿಂಗಳಿಂದ ಎಡಗಣ್ಣಿನ ಮೂಲೆಯಲ್ಲಿ ಅಕ್ಷರ ಮಸುಕಾಗುತ್ತಿದೆ, ಹೋದರೆ ಏನು ಹೇಳಿಬಿಡುತ್ತಾರೋ ಎಂದು ಭಯ, ಆ ಬೆಂಚಿನ ಮೇಲೆ ಮತ್ತೆ ಕೂರಲಾರೆ ಎಂದೆಲ್ಲ ಬಿಕ್ಕುತ್ತ ಹೇಳಿದಳು. ನಾದಿನಿ ಕೇಳಿಸಿಕೊಂಡಳು. ಸಮಾಧಾನದ ಮಾತು ಅವಳಿಗೆ ಯಾವತ್ತೂ ಬಂದದ್ದಿಲ್ಲ. ಲ್ಯಾಪ್‌ಟಾಪನ್ನು ಅತ್ತಿಗೆಯ ಕಡೆ ತಳ್ಳಿದಳು.

"ಅತ್ತಿದ್ದು ಸಾಕು, ಬರೀರಿ. ಏನಿದೆಯೋ ಅದನ್ನ. ನಂಗೋಸ್ಕರ ಮೆತ್ತಗೆ ಮಾಡಬೇಡಿ."

ಟೈಪಕ್ಕ ಚೌಕದ ಗುರುತು ತೆಗೆದಳು. ಬೆರಳುಗಳು ದಾರಿ ಮರೆತಿರಲಿಲ್ಲ. ಮೊದಲು "ಸ್ವಲ್ಪ ಕಪ್ಪು ಕಲೆಗಳು" ಎಂದು ಹೊಡೆದಳು. ನಾದಿನಿ ಕೇಳಿಸಿಕೊಂಡು, ಸ್ವಲ್ಪ ಅಂದರೆ ಎಷ್ಟು ಎಂದು ಕೇಳಿದಳು. ಟೈಪಕ್ಕ ಎಣಿಸಿದಳು, ಐದು. "ಸ್ವಲ್ಪ" ಹೋಯಿತು. ಕೊನೆಗೆ ಉಳಿದದ್ದು: "ತೆರೆದ ಬಾಗಿಲಲ್ಲಿ ನಿಂತು ನೋಡುವವರ ಕಡೆ ಕೈಬೀಸುತ್ತಿರುವ ಏಳೆಂಟು ವರ್ಷದ ಹುಡುಗಿ, ಕಣ್ಣಿನ ಪರದೆ ಕೆಟ್ಟವರಿಗೆ ಕಾಣುವ ಹಾಗೆ. ಅಂಚುಗಳು ಮಸುಕು. ಚಿತ್ರದ ಮೇಲೆ ಐದು ಕಪ್ಪು ಕಲೆಗಳು. ದೊಡ್ಡ ಕಲೆ ಹುಡುಗಿಯ ಮುಖದ ಎಡ ಅರ್ಧವನ್ನು ಪೂರ್ತಿ ಮುಚ್ಚಿದೆ." ರೀಡರ್ ಅದನ್ನು ತನ್ನ ಸಪಾಟು ದನಿಯಲ್ಲಿ ಓದಿತು. ನಾದಿನಿ ಇನ್ನೊಮ್ಮೆ ಓದಿಸಿದಳು. ಹೌದು, ಹೀಗೇ ಇತ್ತು ಎಂದಷ್ಟೇ ಹೇಳಿದಳು.

ಎರಡನೇ ಬುಧವಾರ ಹಿಂದಿನ ಸಲದವರೇ ಬಹಳ ಜನ ಬಂದಿದ್ದರು, ಪಾಠಕ್ಕೋ ತಮಾಷೆಗೋ ಗೊತ್ತಿಲ್ಲ. ಹದಿನೇಳನೇ ಸ್ಲೈಡು ಬಂತು. ನಾದಿನಿ ಕಿವಿಯಲ್ಲಿ ಕೇಳಿಸಿಕೊಂಡಳು, ಅವಸರ ಮಾಡಲಿಲ್ಲ.

"ಬಾಗಿಲಲ್ಲಿ ಒಂದು ಹುಡುಗಿ ಕೈಬೀಸ್ತಿದಾಳೆ, ನೋಡಿ. ಅವಳ ಅರ್ಧ ಮುಖ ನಿಮಗೆ ಕಾಣ್ತಿಲ್ಲ. ನನಗೂ ಮೊದಲು ಹೀಗೇ ಕಂಡಿದ್ದು. ಏನೂ ನೋಯಲ್ಲ, ಅದೇ ಇದರ ಮೋಸ. ನರ್ಸಾಗಿದ್ದೂ ಆರು ತಿಂಗಳು ಕನ್ನಡಕ ಒರೆಸ್ಕೊಂಡು ಕೂತಿದ್ದೆ ನಾನು. ಆವತ್ತೇ ಹೋಗಿದ್ರೆ ಇವತ್ತು ನಿಮ್ಮ ಮುಖ ನೋಡ್ಕೊಂಡು ಬೈತಿದ್ದೆ."

ಈ ಸಲ ಯಾರೂ ಅಯ್ಯೋ ಅನ್ನಲಿಲ್ಲ. ಮುಂದಿನ ಸಾಲಿನಲ್ಲಿ ಕನ್ನಡಕ ಒರೆಸುತ್ತಿದ್ದ ಆ ಡ್ರೈವರ್ ಕೈ ನಿಲ್ಲಿಸಿದ. ಪಾಠ ಮುಗಿದ ಮೇಲೆ ಕಣ್ಣಿನ ವಿಭಾಗದ ಪಟ್ಟಿಗೆ ಹೆಸರು ಬರೆಸಲು ಒಂಬತ್ತು ಜನ ಸಾಲು ನಿಂತರು. ದೊಡ್ಡ ಡಾಕ್ಟರು ಅಂದೇ ಸಂಜೆಯೊಳಗೆ ಬುಧವಾರದ ಪಾಠ ಸಿಸ್ಟರದ್ದು ಎಂದು ಆದೇಶ ಹೊಡೆಸಿದರು. ಹೊಡೆದವಳು ಟೈಪಕ್ಕ. ಅಷ್ಟು ಖುಷಿಯಿಂದ ಅವಳು ಯಾವ ಆದೇಶವನ್ನೂ ಹೊಡೆದಿರಲಿಲ್ಲ. ಹೊಡೆದು ಮುಗಿಸಿ ಡ್ರಾಯರ್ ಎಳೆದು, ಸ್ಟೇಪ್ಲರ್ ಎತ್ತಿ, ಚೀಟಿ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು.

ಮರುದಿನ ಅದೇ ಬೆಂಚಿನ ಮೇಲೆ ಇಬ್ಬರೂ ಕೂತರು. ಈ ಸಲ ಕೈಹಿಡಿದು ಕೂತವಳು ನಾದಿನಿ. ಟೈಪಕ್ಕನ ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗಿಸಿ, ದೀಪ ಹಿಡಿದು ನೋಡಿದ ಡಾಕ್ಟರಮ್ಮ ಎಡಗಣ್ಣಿನಲ್ಲಿ ಶುರುವಾಗಿದೆ ಎಂದರು. ಒಳ್ಳೆಯ ಹೊತ್ತಿಗೆ ಬಂದಿರಿ, ಸಕ್ಕರೆ ಹಿಡಿತಕ್ಕೆ ತನ್ನಿ, ಆರಾರು ತಿಂಗಳಿಗೊಮ್ಮೆ ತಪ್ಪದೆ ತೋರಿಸಿ, ಬೇಕಾದರೆ ಮುಂದೆ ಲೇಸರ್ ಮಾಡೋಣ, ಕಣ್ಣು ಉಳಿಯುತ್ತದೆ. ವಿವರವೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟರು. ಹೊರಗೆ ಬಂದು ಟೈಪಕ್ಕ ಹಾಳೆ ಬಿಡಿಸಿದಳು, ಹನಿಯ ದೆಸೆಯಿಂದ ಒಂದಕ್ಷರ ಕಾಣಲಿಲ್ಲ. ಡಾಕ್ಟರ ಹಾಳೆಯನ್ನು ನರ್ಸಿಗೆ ತೋರಿಸುವ ಹಳೆಯ ಅಭ್ಯಾಸಬಲದಿಂದ ನಾದಿನಿಯ ಕೈಗೆ ಕೊಟ್ಟಳು. ನಾದಿನಿ ಹಾಳೆ ತಡವಿ ನೋಡಿ ಜೋರಾಗಿ ನಕ್ಕಳು, ಒಳ್ಳೆಯ ಜೋಡಿ ಆಯಿತು ನಮ್ಮದು ಎಂದಳು.

ಬಿಸಿಲು ಟೈಪಕ್ಕನ ಕಣ್ಣಿಗೆ ಚುಚ್ಚಿತು. ನಾದಿನಿ ಬಿಳಿಕೋಲು ಬಿಡಿಸಿ, ಇನ್ನೊಂದು ಕೈಯಿಂದ ಅತ್ತಿಗೆಯ ಮೊಣಕೈ ಹಿಡಿದಳು. ಮೆಟ್ಟಿಲು ನಾಲ್ಕಿದೆ, ಎಡಗಡೆ ಕಂಬಿ ಎಂದು ಹೇಳುತ್ತ ಇಳಿಸಿ, ರಸ್ತೆ ದಾಟಿಸಿ, ಬಸ್ ನಿಲ್ದಾಣದ ನೆರಳಿಗೆ ತಂದು ನಿಲ್ಲಿಸಿದಳು.

"ಏನು ಕಾಣ್ತಿದೆ ಹೇಳಿ, ಅತ್ತಿಗೆ. ಏನೂ ಬಿಡಬೇಡಿ."

ಟೈಪಕ್ಕ ಕಣ್ಣು ಕಿರಿದು ಮಾಡಿದಳು. ಎಲ್ಲ ಮಸುಕು ಎಂದಳು. ರಸ್ತೆ ಬೆಳ್ಳಗಿದೆ, ಏನೋ ಒಂದು ಕೆಂಪಗೆ ದೊಡ್ಡದು ಬರುತ್ತಿದೆ, ಬಸ್ಸೇ ಇರಬೇಕು, ನಂಬರ್ ಗೊತ್ತಾಗುತ್ತಿಲ್ಲ. ಸ್ವಲ್ಪ ತಡೆದು, ನನಗೆ ತುಂಬ ಭಯ ಆಗ್ತಿದೆ ಕಣೇ ಎಂದೂ ಹೇಳಿದಳು. ನಾದಿನಿ ಮೊಣಕೈ ಬಿಟ್ಟು ಅವಳ ಕೈಯನ್ನೇ ಹಿಡಿದುಕೊಂಡು, ಬಂದು ನಿಂತ ಬಸ್ಸಿನ ಕಡೆ ತಿರುಗಿ ಇದು ಯಾವ ನಂಬರ್ ಎಂದು ಗಟ್ಟಿಯಾಗಿ ಕೇಳಿದಳು.